ಬದನೆ ಎಲೆಯ ಅಡಿಯಲ್ಲಿ ಎಂಟು ಕಾಲಿನ ನುಸಿ



ನಮ್ಮಲ್ಲಿ ಎಳೆ ಅಡಿಕೆ ಇಟ್ಟವರೆಲ್ಲ ಮೊದಲ ನಾಲ್ಕೈದು ವರ್ಷ ಸಾಲುಗಳ ನಡುವೆ ತರಕಾರಿ ಮಾಡುವುದು ವಾಡಿಕೆ. ಹೊಳಲ್ಕೆರೆ, ಹೊಸದುರ್ಗದ ಕಡೆ ಬದನೆ, ಮೆಣಸಿನಕಾಯಿ, ಬೆಂಡೆ. ಹಿರಿಯೂರು, ಚಿತ್ರದುರ್ಗದ ಕಡೆ ಈರುಳ್ಳಿ, ಟೊಮ್ಯಾಟೊ. ಶಿವರಾತ್ರಿ ಕಳೆದು ಬಿಸಿಲು ಏರಿದ ಮೇಲೆ ಸಂಘದ ಕಚೇರಿಗೆ ಬರುವವರ ಬಾಯಲ್ಲಿ ಒಂದೇ ಮಾತು: "ನುಸಿ ಬಿದ್ದಿದೆ, ಎಷ್ಟು ಹೊಡೆದರೂ ಹೋಗುತ್ತಿಲ್ಲ."

ತೊಂದರೆ ಶುರುವಾಗುವುದು ಈ "ನುಸಿ" ಎಂಬ ಮಾತಿನಿಂದಲೇ. ಥ್ರಿಪ್ಸ್‌ಗೂ ನಾವು ನುಸಿ ಎನ್ನುತ್ತೇವೆ, ಕೆಂಪು ಜೇಡ ನುಸಿಗೂ ನುಸಿ ಎನ್ನುತ್ತೇವೆ. ಆದರೆ ಥ್ರಿಪ್ಸ್ ಆರು ಕಾಲಿನ ಕೀಟ. ಜೇಡ ನುಸಿ ಕೀಟವೇ ಅಲ್ಲ. ಬೆಳೆದ ನುಸಿಗೆ ಎಂಟು ಕಾಲು, ಅದು ಜೇಡ, ಉಣ್ಣೆಗಳ ಬಳಗಕ್ಕೆ ಸೇರಿದ್ದು. ಕೀಟದ ಮೈಗೆಂದು ತಯಾರಿಸಿದ ಔಷಧಿಗಳಲ್ಲಿ ಹಲವು ಇದಕ್ಕೆ ನಾಟುವುದಿಲ್ಲ. ಇದನ್ನು ನಾನು ಓದಿ ಕಲಿತದ್ದಕ್ಕಿಂತ ನನ್ನ ಇಪ್ಪತ್ತು ಗುಂಟೆ ಬದನೆ ಕಳೆದುಕೊಳ್ಳುವ ಹಂತಕ್ಕೆ ಬಂದು ಕಲಿತದ್ದೇ ಹೆಚ್ಚು.

ಮೂರು ವರ್ಷದ ಅಡಿಕೆ ಸಸಿಗಳ ನಡುವಿನ ಬದನೆ ಅದು. ಫೆಬ್ರವರಿಯಲ್ಲಿ ಕುಡಿ ಮತ್ತು ಕಾಯಿ ಕೊರಕ ಕಂಡಿತೆಂದು ಲ್ಯಾಂಬ್ಡಾ ಸೈಹಲೋಥ್ರಿನ್ ಎರಡು ಸಲ ಹೊಡೆಸಿದೆ. ಮಾರ್ಚ್ ಮೊದಲ ವಾರ ಕೆಳಗಿನ ಎಲೆಗಳ ಮೇಲೆ ಸೂಜಿಯಿಂದ ಚುಚ್ಚಿದಂತೆ ಬಿಳಿ ಚುಕ್ಕೆಗಳು ಕಂಡವು. ಅಂಗಡಿಯಲ್ಲಿ "ನುಸಿ" ಎಂದೆ. ಅವರು ಥ್ರಿಪ್ಸ್ ಎಂದು ತಿಳಿದು ಇಮಿಡಾಕ್ಲೋಪ್ರಿಡ್ ಕೊಟ್ಟರು. ತಪ್ಪು ಅವರದ್ದಷ್ಟೇ ಅಲ್ಲ, ನಾನೂ ಎಲೆ ತೋರಿಸಿರಲಿಲ್ಲ. ಹತ್ತು ದಿನದಲ್ಲಿ ಕಮ್ಮಿಯಾಗುವುದಿರಲಿ, ರಸ್ತೆ ಬದಿಯ ಸಾಲುಗಳು ಕಂಚಿನ ಬಣ್ಣಕ್ಕೆ ತಿರುಗಿ, ಎಲೆಯ ಅಡಿಯಲ್ಲಿ ಸಣ್ಣ ಬಲೆ ಕಟ್ಟಿತು.

ತೋಟಗಾರಿಕೆ ಓದುತ್ತಿರುವ ತಮ್ಮನ ಮಗ ರಜೆಗೆ ಬಂದಿದ್ದ. ಒಂದು ಎಲೆಯನ್ನು ಬಿಳಿ ಹಾಳೆಯ ಮೇಲೆ ತಟ್ಟಿದ. ಧೂಳಿನಂತೆ ಬಿದ್ದ ಚುಕ್ಕೆಗಳು ಸ್ವಲ್ಪ ಹೊತ್ತಿಗೆ ನಿಧಾನವಾಗಿ ಹರಿದಾಡತೊಡಗಿದವು. ಬೆರಳಿನಿಂದ ಉಜ್ಜಿದರೆ ಹಾಳೆಯ ಮೇಲೆ ಕೆಂಪು ಗೆರೆ. "ದೊಡ್ಡಪ್ಪ, ಇದು ಥ್ರಿಪ್ಸ್ ಅಲ್ಲ. ಥ್ರಿಪ್ಸ್ ಆಗಿದ್ದರೆ ಅಕ್ಕಿ ನುಚ್ಚಿನಂತೆ ಉದ್ದಕ್ಕಿದ್ದು ಚುರುಕಾಗಿ ಓಡುತ್ತಿತ್ತು. ನೀವು ಹೊಡೆದದ್ದೆಲ್ಲ ಇದಕ್ಕೆ ಉಪಕಾರವೇ ಆಗಿದೆ" ಎಂದ.

ಉಪಕಾರ ಹೇಗೆ ಎಂಬುದನ್ನು ವಿವರಿಸಬೇಕು. ಎಲೆಯ ಅಡಿಯಲ್ಲಿ ಜೇಡ ನುಸಿಯನ್ನು ತಿನ್ನುವ ಬೇರೆ ನುಸಿಗಳಿರುತ್ತವೆ, ಸಾಸಿವೆ ಕಾಳಿಗಿಂತ ಸಣ್ಣ ಕಪ್ಪು ಗುಲಗಂಜಿ ಹುಳುಗಳಿರುತ್ತವೆ, ನುಸಿ ತಿನ್ನುವ ಒಂದು ಬಗೆಯ ಥ್ರಿಪ್ಸ್ ಕೂಡ ಇದೆ. ಸಿಂಥೆಟಿಕ್ ಪೈರೆಥ್ರಾಯ್ಡ್ ಔಷಧಿ ಇವುಗಳನ್ನೆಲ್ಲ ಕೊಂದು ಜೇಡ ನುಸಿಯನ್ನು ಬಹುಮಟ್ಟಿಗೆ ಉಳಿಸುತ್ತದೆ. ಇಮಿಡಾಕ್ಲೋಪ್ರಿಡ್ ಕೂಡ ನುಸಿಯನ್ನು ಕೊಲ್ಲುವುದಿಲ್ಲ. ಅದನ್ನು ಕೊಟ್ಟ ಗಿಡಗಳಲ್ಲಿ ನುಸಿ ಹೆಚ್ಚಿದ ಉದಾಹರಣೆಗಳು ಹಲವು ಬೆಳೆಗಳಲ್ಲಿ ದಾಖಲಾಗಿವೆ.

ಇನ್ನು ಬಿಸಿಲಿನ ಲೆಕ್ಕ. ತಂಪು ಕಾಲದಲ್ಲಿ, ಸುಮಾರು 20 ಡಿಗ್ರಿಯಲ್ಲಿ, ಮೊಟ್ಟೆಯಿಂದ ಬೆಳೆದ ನುಸಿಯಾಗಲು ಎರಡೂವರೆ ವಾರ ಬೇಕು. 30 ಡಿಗ್ರಿ ದಾಟಿದರೆ ಎಂಟು ಹತ್ತು ದಿನ ಸಾಕು. ಅಂದರೆ ತಂಪಿನಲ್ಲಿ ಎರಡು ತಲೆಮಾರು ಆಗುವ ಅವಧಿಯಲ್ಲಿ ಸೆಕೆಯಲ್ಲಿ ನಾಲ್ಕು ತಲೆಮಾರು. ಒಂದು ಹೆಣ್ಣಿಗೆ ಬದುಕುಳಿಯುವ ಹೆಣ್ಣು ಮರಿಗಳು ಇಪ್ಪತ್ತು ಎಂದಿಟ್ಟುಕೊಂಡರೂ ಎರಡು ತಲೆಮಾರಿಗೆ 400, ನಾಲ್ಕು ತಲೆಮಾರಿಗೆ 1,60,000. ಗಂಡು ಕೂಡದಿದ್ದರೂ ಹೆಣ್ಣು ಮೊಟ್ಟೆ ಇಡುತ್ತದೆ. ಅವುಗಳಿಂದ ಗಂಡು ಮರಿ ಹುಟ್ಟುತ್ತವೆ. ಹಾಗಾಗಿ ಒಂದೇ ಹೆಣ್ಣು ಗಾಳಿಯಲ್ಲಿ ತೇಲಿ ಬಂದರೂ ಸಂಸಾರ ಹೂಡಬಲ್ಲದು.

ಒಣ ಹವೆ ಇದಕ್ಕೆ ಇನ್ನೊಂದು ಕಡೆಯಿಂದ ನೆರವಾಗುತ್ತದೆ. ತೇವವಿದ್ದರೆ ನುಸಿಗೆ ಶಿಲೀಂಧ್ರ ರೋಗ ತಗಲುತ್ತದೆ, ಜೋರು ಮಳೆ ಎಲೆಯನ್ನು ತೊಳೆಯುತ್ತದೆ. ಒಣಗಾಳಿಯಲ್ಲಿ ಇವೆರಡೂ ಇಲ್ಲ. ಮೇಲಾಗಿ ನುಸಿ ತಿನ್ನುವ ನುಸಿಗಳ ಮೊಟ್ಟೆ ಒಣಗಿ ಸಾಯುತ್ತವೆ. ಬೋರ್‌ವೆಲ್ ನೀರು ಇಳಿದು ಬಾಡಿದ ಗಿಡ ಬೇಗ ಸೋಲುತ್ತದೆ. ರಸ್ತೆ ಧೂಳು ಕೂತ ಎಲೆಯ ಮೇಲೆ ಉಪಕಾರಿ ಹುಳುಗಳಿಗೆ ಓಡಾಟ ಕಷ್ಟ. ನನ್ನ ತೋಟದಲ್ಲಿ ರಸ್ತೆ ಬದಿಯ ಸಾಲೇ ಮೊದಲು ಹೋದದ್ದು ಇದರಿಂದ.

ಮಾಡಿದ್ದು ಇಷ್ಟು. ಮೊದಲು ಬಲೆ ಕಟ್ಟಿದ ಕೆಳ ಎಲೆಗಳನ್ನು ಕಿತ್ತು ಚೀಲಕ್ಕೆ ತುಂಬಿ ಹೂತೆವು. ಎರಡು ದಿನ ನೀರು ಕೊಟ್ಟು ಗಿಡ ಚೇತರಿಸಿದ ಮೇಲೆ ಬರೀ ನೀರನ್ನೇ ಕೆಳಗಿನಿಂದ ಮೇಲಕ್ಕೆ ಜೋರಾಗಿ ಹೊಡೆದು ಧೂಳು, ಬಲೆ ತೊಳೆದೆವು. ಮರುದಿನ ಸಂಜೆ ಪ್ರೊಪಾರ್ಗೈಟ್ 57 ಇ.ಸಿ., ಲೀಟರಿಗೆ 2 ಮಿ.ಲೀ. ಇಪ್ಪತ್ತು ಗುಂಟೆಗೆ 100 ಲೀಟರ್ ನೀರು, 200 ಮಿ.ಲೀ. ಔಷಧಿ. ನಳಿಗೆಯನ್ನು ಮಗುಚಿ ಎಲೆಯ ಅಡಿಗೆ ತಾಗಿಸಿದೆವು. ಅದು ಮುಟ್ಟಿದಲ್ಲಿ ಮಾತ್ರ ಕೊಲ್ಲುವ ಔಷಧಿ.

ಇಲ್ಲಿ ನಮ್ಮವರು ಎಡವುವುದು ಹೆಚ್ಚು. ನುಸಿನಾಶಕಗಳೆಲ್ಲ ಒಂದೇ ತರಹ ಅಲ್ಲ. ಪ್ರೊಪಾರ್ಗೈಟ್ ಓಡಾಡುವ ನುಸಿಯನ್ನು ಕೊಲ್ಲುತ್ತದೆ, ಮೊಟ್ಟೆಯನ್ನಲ್ಲ. ಹೆಕ್ಸಿಥಯಾಜಾಕ್ಸ್ ಮೊಟ್ಟೆ, ಮರಿಗಳಿಗೆ ಸರಿ, ಬೆಳೆದ ನುಸಿಯನ್ನು ಕೊಲ್ಲುವುದಿಲ್ಲ. ಸ್ಪೈರೋಮೆಸಿಫೆನ್ ಮೊಟ್ಟೆ ಮತ್ತು ಮರಿಗಳ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ, ಬೆಳೆದ ಹೆಣ್ಣುಗಳ ಮೊಟ್ಟೆಯಿಡುವಿಕೆಯನ್ನೂ ತಗ್ಗಿಸುತ್ತದೆ, ಆದರೆ ನಿಧಾನ. ಮೂರನೆಯ ದಿನ ನೋಡಿ "ಔಷಧಿ ನಕಲಿ" ಎನ್ನಬಾರದು. ನಾವು ಆರನೆಯ ದಿನ, ಉಳಿದ ಮೊಟ್ಟೆ ಒಡೆದ ಹೊತ್ತಿಗೆ, ಸ್ಪೈರೋಮೆಸಿಫೆನ್ 22.9 ಎಸ್.ಸಿ. ಅನ್ನು 100 ಲೀಟರಿಗೆ 80 ಮಿ.ಲೀ. ಲೆಕ್ಕದಲ್ಲಿ ಕೊಟ್ಟೆವು. ಒಂದೇ ಔಷಧಿಯನ್ನು ಎರಡು ಸಲ ಹೊಡೆದಿದ್ದರೆ ತಡೆದುಕೊಂಡ ನುಸಿಯೇ ವಂಶ ಬೆಳೆಸುತ್ತಿತ್ತು. ಪ್ರತಿ ಸಲವೂ ಲೇಬಲ್ಲಿನಲ್ಲಿ ಬದನೆಗೆ ಬರೆದ ದಿನ ನೋಡಿಕೊಂಡು ವಾರದ ತನಕ ಕಾಯಿ ಕೀಳಲಿಲ್ಲ. ಕಂಚಾದ ಎಲೆ ಮತ್ತೆ ಹಸಿರಾಗುವುದಿಲ್ಲ. ಗುಣವಾಯಿತೇ ಎಂದು ತಿಳಿಯಲು ಹೊಸ ಚಿಗುರನ್ನು ನೋಡಬೇಕು. ನಮ್ಮ ಚಿಗುರು ಚೊಕ್ಕಟವಾಗಿ ಬಂತು. ರಸ್ತೆ ಬದಿಯ ನಾಲ್ಕು ಸಾಲು ಮಾತ್ರ ಉಳಿಯಲಿಲ್ಲ.

ಅಡಿಕೆ ಸಸಿಯ ನುಸಿಗೆ ಹಿಂದೆ ಡೈಕೋಫಾಲ್ ಹೊಡೆದು ರೂಢಿಯಿದ್ದವರು ಮನೆಯಲ್ಲಿ ಹಳೆಯ ಡಬ್ಬಿ ಇಟ್ಟುಕೊಂಡಿರಬಹುದು. ಕೇಂದ್ರ ಸರ್ಕಾರ 2023ರಲ್ಲಿ ಅದನ್ನು ನಿಷೇಧಿಸಿದೆ; ತರಕಾರಿಗೆ ಹೊಡೆಯಬೇಡಿ. ಗಂಧಕದ ಪುಡಿ ಅಗ್ಗವೇ ಸರಿ, ಆದರೆ ಏಪ್ರಿಲ್ ಬಿಸಿಲಿನಲ್ಲಿ ಎಲೆ ಸುಡುತ್ತದೆ.

ಥ್ರಿಪ್ಸ್ ಆಗಿದ್ದರೆ ಕಥೆ ಬೇರೆ. ಅದೂ ಒಣ ಹವೆಗೆ ಹೆಚ್ಚುತ್ತದೆ, ಆದರೆ ಮೊಟ್ಟೆಯನ್ನು ಎಲೆಯ ಒಳಗೆ ಇಡುತ್ತದೆ, ಕೋಶದ ಹಂತವನ್ನು ಸಾಮಾನ್ಯವಾಗಿ ಮಣ್ಣಿನಲ್ಲಿ ಕಳೆಯುತ್ತದೆ. ಎರಡಕ್ಕೂ ಸಿಂಪರಣೆ ತಲುಪುವುದಿಲ್ಲ. ಆದ್ದರಿಂದಲೇ ಹೊಡೆದ ವಾರಕ್ಕೆ ಮತ್ತೆ ಕಾಣಿಸುವುದು. ಮೆಣಸಿನಕಾಯಿಯಲ್ಲಿ ಎಲೆಯ ಅಂಚು ಮೇಲಕ್ಕೆ ಮಡಚಿದರೆ ಥ್ರಿಪ್ಸ್, ಕೆಳಕ್ಕೆ ಮಡಚಿ ತೊಟ್ಟು ಉದ್ದವಾದರೆ ಹಳದಿ ನುಸಿ. ಈ ಹಳದಿ ನುಸಿ ಬಲೆ ಕಟ್ಟುವುದಿಲ್ಲ, ಕೆಂಪು ನುಸಿಯಂತೆ ಒಣಗಾಳಿಯನ್ನೂ ಬಯಸುವುದಿಲ್ಲ. ಮೋಡ ಮುಸುಕಿದ ತೇವದ ಸೆಕೆಯಲ್ಲೇ ಅದರ ಆಟ. ಎರಡೂ ಒಟ್ಟಿಗೆ ಬಿದ್ದ ಗಿಡಗಳೂ ಉಂಟು.

ಸಂಘದ ಕಚೇರಿಯಲ್ಲಿ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಎರಡು ಮಸೂರ ತಂದಿಟ್ಟಿದ್ದೇವೆ. ಔಷಧಿ ಕೊಳ್ಳುವ ಮುಂಚೆ ನಾಲ್ಕೈದು ಎಲೆ ಕಿತ್ತು ಹಳೆಯ ಪತ್ರಿಕೆಯಲ್ಲಿ ಸುತ್ತಿ ತನ್ನಿ. ಪ್ಲಾಸ್ಟಿಕ್ ಚೀಲದಲ್ಲಿ ಎಲೆ ಬೆವೆತು ಏನೂ ಕಾಣುವುದಿಲ್ಲ.