ಲಕ್ವದ ನಂತರದ ನ್ಯುಮೋನಿಯಾ: ಆ ಎರಡನೇ ಔಷಧ ಬೇಕೇ?

ಲಕ್ವ ಹೊಡೆದ ಎರಡನೆಯ ಅಥವಾ ಮೂರನೆಯ ದಿನ ಜ್ವರ ಬಂದರೆ ವೈದ್ಯರ ಅನುಮಾನ ಮೊದಲು ಹೋಗುವುದು ಶ್ವಾಸಕೋಶದ ಕಡೆಗೆ. ಲಕ್ವವಾದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಮೊದಲ ದಿನಗಳಲ್ಲಿ ಸರಿಯಾಗಿ ನುಂಗಲು ಆಗುವುದಿಲ್ಲ. ಆರೋಗ್ಯವಂತರಿಗೆ ನೀರು ದಾರಿ ತಪ್ಪಿದರೆ ನೆತ್ತಿಗೇರಿ ಕೆಮ್ಮು ಬರುತ್ತದೆ. ಇವರಲ್ಲಿ ಅನೇಕರಿಗೆ ಆ ಕೆಮ್ಮೇ ಬರುವುದಿಲ್ಲ. ಎಂಜಲು, ಗಂಜಿ, ಹೊಟ್ಟೆಯಿಂದ ಮೇಲೆ ಬಂದ ದ್ರವ ಸದ್ದಿಲ್ಲದೆ ಶ್ವಾಸನಾಳಕ್ಕೆ ಇಳಿಯುತ್ತದೆ. ಮೂಗಿನಿಂದ ಹೊಟ್ಟೆಗೆ ನಳಿಕೆ ಹಾಕಿದ ಮಾತ್ರಕ್ಕೆ ಇದು ನಿಲ್ಲದು. ಎಂಜಲು ಹುಟ್ಟುವುದು ಬಾಯಲ್ಲೇ.

ಹೀಗೆ ಬರುವ ನ್ಯುಮೋನಿಯಾಕ್ಕೆ ಒಂದು ಆಂಟಿಬಯಾಟಿಕ್ ಜೊತೆಗೆ ಮೆಟ್ರೊನಿಡಜೋಲ್ ಅಥವಾ ಕ್ಲಿಂಡಮೈಸಿನ್ ಸೇರಿಸುವುದು ದಶಕಗಳ ರೂಢಿ. ಬಾಯಿಯಲ್ಲಿ, ಹಲ್ಲಿನ ಸಂದಿಯಲ್ಲಿ ಆಮ್ಲಜನಕವಿಲ್ಲದೆ ಬದುಕುವ ಬ್ಯಾಕ್ಟೀರಿಯಾ ವಿಪರೀತ. ಎಂಜಲಿನ ಜೊತೆ ಅವೂ ಎದೆಗೆ ಇಳಿದಿರಬೇಕು, ಅವುಗಳಿಗೂ ಔಷಧ ಬೇಕು ಎಂಬುದು ಇದರ ಹಿಂದಿನ ತರ್ಕ.

ಈ ತರ್ಕಕ್ಕೆ ಬಲ ಬಂದದ್ದು 1970ರ ದಶಕದ ಅಮೆರಿಕದ ಅಧ್ಯಯನಗಳಿಂದ. ಜಾನ್ ಬಾರ್ಟ್ಲೆಟ್ ಮತ್ತು ಸಂಗಡಿಗರು 1974ರಲ್ಲಿ ಪ್ರಕಟಿಸಿದ ವರದಿಯಲ್ಲಿ ಬಹುಪಾಲು ರೋಗಿಗಳ ಮಾದರಿಗಳಲ್ಲಿ ಇಂಥ ಬ್ಯಾಕ್ಟೀರಿಯಾ ಸಿಕ್ಕಿದ್ದವು. ಆದರೆ ಆ ರೋಗಿಗಳು ಯಾರೆಂದು ನೋಡಬೇಕು. ಅವರಲ್ಲಿ ಹಲವರು ಕಾಯಿಲೆ ಹಳತಾದ ಮೇಲೆ ಬಂದವರು. ಶ್ವಾಸಕೋಶದಲ್ಲಿ ಕೀವುಗುಳ್ಳೆಯಾಗಿದ್ದವರು, ಪಕ್ಕೆಯಲ್ಲಿ ಕೀವು ತುಂಬಿದ್ದವರು. ಮಾದರಿ ತೆಗೆದದ್ದು ಗಂಟಲಿನ ಕೆಳಗೆ ಚರ್ಮದ ಮೂಲಕ ಶ್ವಾಸನಾಳಕ್ಕೆ ಸೂಜಿ ಚುಚ್ಚಿ. ಲಕ್ವವಾಗಿ ಎರಡೇ ದಿನಕ್ಕೆ ಜ್ವರ ಬಂದವರ ಸ್ಥಿತಿ ಬೇರೆ. ಮುಂದೆ ಹೊಸ ನ್ಯುಮೋನಿಯಾದ ರೋಗಿಗಳಿಂದ ಎಚ್ಚರಿಕೆಯಿಂದ ತೆಗೆದ ಮಾದರಿಗಳಲ್ಲಿ ಹೆಚ್ಚಾಗಿ ಕಂಡದ್ದು ನ್ಯುಮೊಕಾಕಸ್, ಸ್ಟಫಿಲೊಕಾಕಸ್, ಕರುಳಿನ ಬ್ಯಾಕ್ಟೀರಿಯಾಗಳು. ಆಮ್ಲಜನಕ ಬೇಡದವುಗಳ ಪಾಲು ತೀರ ಕುಗ್ಗಿತ್ತು.

2019ರಲ್ಲಿ ಅಮೆರಿಕದ ಶ್ವಾಸಕೋಶ ಹಾಗೂ ಸೋಂಕುರೋಗ ತಜ್ಞರ ಸಂಘಗಳು ಹೊರಗಿನಿಂದ ನ್ಯುಮೋನಿಯಾ ತಂದುಕೊಂಡು ಬರುವವರಿಗಾಗಿ ಹೊರಡಿಸಿದ ಮಾರ್ಗಸೂಚಿ, ಕೀವಿನ ಅನುಮಾನವಿಲ್ಲದಿದ್ದರೆ ಈ ಹೆಚ್ಚುವರಿ ಔಷಧ ಬೇಡ ಎಂದಿತು. ಆಗ ಅದರ ಹಿಂದಿನ ಪುರಾವೆ ದುರ್ಬಲವಾಗಿತ್ತು. 2024ರಲ್ಲಿ ಕೆನಡಾದ ಒಂಟಾರಿಯೊದಿಂದ ದೊಡ್ಡ ಲೆಕ್ಕ ಬಂತು. 18 ಆಸ್ಪತ್ರೆಗಳ ಸುಮಾರು 4,000 ರೋಗಿಗಳಲ್ಲಿ ಸೆಫ್ಟ್ರಿಯಾಕ್ಸೋನ್‌ನಂಥ ಔಷಧವಷ್ಟೇ ಪಡೆದವರ ಪೈಕಿ ಶೇ. 30.3 ಮಂದಿ ಆಸ್ಪತ್ರೆಯಲ್ಲೇ ಸತ್ತರು. ಆಮ್ಲಜನಕ ಬೇಡದ ಬ್ಯಾಕ್ಟೀರಿಯಾಗಳಿಗೂ ಚೆನ್ನಾಗಿ ನಾಟುವ ಔಷಧ ಪಡೆದವರಲ್ಲಿ ಶೇ. 32.1. ಅಂದರೆ ಹೆಚ್ಚುವರಿ ಔಷಧದಿಂದ ಜೀವ ಉಳಿಯಲಿಲ್ಲ. ಬದಲಿಗೆ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದಿಂದ ಕರುಳು ಊದಿ ಭೇದಿಯಾದವರು ನೂರಕ್ಕೆ ಸುಮಾರು ಒಬ್ಬರಷ್ಟು ಹೆಚ್ಚಾದರು. ಕರುಳಿನಲ್ಲಿ ಇಂಥವನ್ನು ಹದ್ದುಬಸ್ತಿನಲ್ಲಿಡುವುದು ಆಮ್ಲಜನಕ ಬೇಡದ ಅಲ್ಲಿನ ಬ್ಯಾಕ್ಟೀರಿಯಾಗಳೇ. ಔಷಧ ಅವನ್ನೂ ಸಾಯಿಸುತ್ತದೆ. ಇದು ಹಳೆಯ ದಾಖಲೆಗಳ ಅಧ್ಯಯನ, ಚೀಟಿ ಎತ್ತಿ ಔಷಧ ಹಂಚಿದ ಪ್ರಯೋಗವಲ್ಲ. ಲಕ್ವದವರನ್ನಷ್ಟೇ ನೋಡಿದ್ದೂ ಅಲ್ಲ. ಆದರೂ ರೂಢಿಯನ್ನು ಮುಂದುವರಿಸಲು ಇದಕ್ಕಿಂತ ಗಟ್ಟಿ ಕಾರಣ ಎದುರಿಗಿಲ್ಲ.

ಅರವತ್ತೆಂಟು ವರ್ಷದ ಒಬ್ಬ ಮಹಿಳೆ ಎಂದುಕೊಳ್ಳೋಣ. ಬಲಗೈ ಬಿದ್ದಿದೆ, ಮಾತು ತೊದಲು. ಎರಡನೆಯ ರಾತ್ರಿ 101 ಡಿಗ್ರಿ ಜ್ವರ, ರಕ್ತದ ಆಮ್ಲಜನಕ 91ಕ್ಕೆ ಇಳಿದಿದೆ, ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಕೆಳಭಾಗ ಮಬ್ಬು. ಕಫಕ್ಕೆ ದುರ್ವಾಸನೆಯಿಲ್ಲ, ಇತ್ತೀಚೆಗೆ ಆಸ್ಪತ್ರೆ ಸೇರಿಲ್ಲ. ಇವರಿಗೆ ದಿನಕ್ಕೊಮ್ಮೆ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಸಾಕಾಗಬಹುದು. ಎರಡು ದಿನದ ನಂತರ ಮತ್ತೆ ನೋಡಬೇಕು. ಅಷ್ಟರೊಳಗೆ ಜ್ವರ ಬಿಟ್ಟು ಎಕ್ಸ್‌ರೇಯೂ ತಿಳಿಯಾಗಿದ್ದರೆ, ಅದು ಹೊಟ್ಟೆಯ ಆಮ್ಲದ ಉರಿಯಷ್ಟೇ ಆಗಿದ್ದಿರಬಹುದು, ಆಂಟಿಬಯಾಟಿಕ್ ನಿಲ್ಲಿಸಬಹುದು. ಸೋಂಕೇ ಆಗಿದ್ದರೆ, ಚೇತರಿಕೆ ಸರಿಯಾಗಿದ್ದಲ್ಲಿ ಐದರಿಂದ ಏಳು ದಿನ.

ಇದೇ ಜ್ವರ ಹತ್ತನೆಯ ದಿನ ಐಸಿಯುನಲ್ಲಿ ಬಂದಿದ್ದರೆ ಲೆಕ್ಕ ಬೇರೆ. ಅಲ್ಲಿ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾಗಳ ಭಯದಿಂದ ಪಿಪೆರಾಸಿಲಿನ್-ಟ್ಯಾಜೊಬ್ಯಾಕ್ಟಮ್ ಕೊಡಬೇಕಾಗಬಹುದು. ಅದು ಆಮ್ಲಜನಕ ಬೇಡದ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಅಮಾಕ್ಸಿಸಿಲಿನ್-ಕ್ಲಾವ್ಯುಲನೇಟ್ ಕೂಡ ಅಷ್ಟೇ. ಇವುಗಳ ಜೊತೆ ಮೆಟ್ರೊನಿಡಜೋಲ್ ಬಾಟಲಿ ಏರಿಸುವುದು ಒಂದೇ ಕೆಲಸಕ್ಕೆ ಎರಡು ಔಷಧ ಕೊಟ್ಟಂತೆ. ವಾಂತಿ, ಕೆಲವೊಮ್ಮೆ ಕೈಕಾಲು ಜೋಮು, ಹೆಚ್ಚಿನ ಖರ್ಚು ಮಾತ್ರ ರೋಗಿಯ ಪಾಲಿಗೆ.

ಆಮ್ಲಜನಕ ಬೇಡದ ಬ್ಯಾಕ್ಟೀರಿಯಾಗಳಿಗೆ ಔಷಧ ನಿಜಕ್ಕೂ ಬೇಕಾಗುವುದು ಕೀವಿನ ಗುರುತು ಸಿಕ್ಕಾಗ: ಕೊಳೆತ ವಾಸನೆಯ ಕಫ, ಎಕ್ಸ್‌ರೇಯಲ್ಲಿ ಅರ್ಧ ಗಾಳಿ ಅರ್ಧ ದ್ರವ ತುಂಬಿದ ಪೊಳ್ಳು, ಪಕ್ಕೆಯಲ್ಲಿ ಕೀವು. ಹುಳುಕು ಹಲ್ಲಿನವರಲ್ಲಿ, ವಾರಗಟ್ಟಲೆ ಜ್ವರ ಎಳೆದವರಲ್ಲಿ ಇದನ್ನು ಹುಡುಕಿ ನೋಡಬೇಕು. ಆಗಲೂ ಮೆಟ್ರೊನಿಡಜೋಲ್ ಒಂದನ್ನೇ ಕೊಟ್ಟರೆ ಸಾಲದು, ಜೊತೆಗಿರುವ ಸ್ಟ್ರೆಪ್ಟೊಕಾಕಸ್‌ಗಳಿಗೆ ಅದು ನಾಟುವುದಿಲ್ಲ. ಚಿಕಿತ್ಸೆ ವಾರಗಳವರೆಗೆ ಹಿಡಿಯುತ್ತದೆ, ಪಕ್ಕೆಯ ಕೀವನ್ನು ನಳಿಕೆ ಹಾಕಿ ಹೊರತೆಗೆಯಬೇಕಾಗುತ್ತದೆ.