ಜ್ಯಾರೇಖೆಗೆ ಎರಡು ಸರಳರೇಖೆಗಳ ಎಲ್ಲೆ

ಆರ್ಯಭಟನು ಗೀತಿಕಾಪಾದದಲ್ಲಿ ಇಪ್ಪತ್ತನಾಲ್ಕು ಜ್ಯಾಖಂಡಗಳನ್ನು ಅಕ್ಷರಸಂಜ್ಞೆಗಳಿಂದ ಹೇಳಿರುವುದು ಪಂಡಿತರಿಗೆ ವಿದಿತವೇ ಆಗಿದೆ. ವೃತ್ತಪಾದದ ೫೪೦೦ ಕಲೆಗಳನ್ನು ೨೨೫ ಕಲೆಗಳಂತೆ ೨೪ ಭಾಗ ಮಾಡಿದಾಗ, ಒಂದೊಂದು ಭಾಗವನ್ನು ದಾಟುವಲ್ಲಿ ಜ್ಯೆಯು ಎಷ್ಟು ಬೆಳೆಯುತ್ತದೆಂಬುದೇ ಜ್ಯಾಖಂಡವು. ಅವು ೨೨೫, ೨೨೪, ೨೨೨, ೨೧೯ ಎಂದು ಮೊದಲಾಗಿ, ೫೧, ೩೭, ೨೨, ೭ ಎಂದು ಮುಗಿಯುತ್ತವೆ. ಎಲ್ಲವನ್ನೂ ಕೂಡಿಸಿದರೆ ತ್ರಿಜ್ಯೆಯಾದ ೩೪೩೮ ದೊರೆಯುತ್ತದೆ. ಇವನ್ನು ಕಂಠಪಾಠ ಮಾಡಿದವರು ಉಂಟು. ಆದರೆ ಖಂಡಗಳು ಎಡೆಬಿಡದೆ ಇಳಿಯುತ್ತಲೇ ಹೋಗುವುದರಿಂದ ಏನು ಸಿದ್ಧಿಸುತ್ತದೆಂದು ಕೇಳಿಕೊಂಡವರು ವಿರಳ. ಪ್ರಕೃತ ಲೇಖನದ ವಿಷಯವು ಅದೇ.

ಮೊದಲನೆಯ ಖಂಡವು ೨೨೫, ಚಾಪಭಾಗವೂ ೨೨೫. ಮುಂದಿನ ಖಂಡಗಳೆಲ್ಲ ಇದಕ್ಕಿಂತ ಕಿರಿಯವು. ಆದುದರಿಂದ ಜ್ಯೆಯು ತನ್ನ ಚಾಪವನ್ನು ಎಂದಿಗೂ ಮೀರಲಾರದು. ಇದು ಮೇಲಿನ ಎಲ್ಲೆ. ಕೆಳಗಿನ ಎಲ್ಲೆಗೆ ಸ್ವಲ್ಪ ವಿಚಾರ ಬೇಕು. ೩೪೩೮ನ್ನು ೨೪ರಿಂದ ಭಾಗಿಸಿದರೆ ಒಂದು ಖಂಡಕ್ಕೆ ಸರಾಸರಿ ೧೪೩¼ ಬರುತ್ತದೆ. ದೊಡ್ಡ ಖಂಡಗಳು ಮೊದಲೂ ಸಣ್ಣವು ಕೊನೆಗೂ ಇರುವುದರಿಂದ, ಮೊದಲಿನಿಂದ ಎಷ್ಟು ಖಂಡಗಳನ್ನು ತೆಗೆದುಕೊಂಡರೂ ಅವುಗಳ ಸರಾಸರಿಯು ಒಟ್ಟು ಸರಾಸರಿಗಿಂತ ಕಡಿಮೆಯಾಗದು. ಎಂಟು ಖಂಡಗಳಾದ ಮೇಲೆ, ಎಂದರೆ ಮೂವತ್ತು ಅಂಶಗಳಲ್ಲಿ, ಜ್ಯೆಯು ೧೭೧೯, ಸರಾಸರಿಯ ಲೆಕ್ಕದಿಂದ ಬರುವುದು ೧೧೪೬, ಚಾಪವು ೧೮೦೦. ಜ್ಯೆಯು ಇವೆರಡರ ನಡುವೆ ನಿಂತಿದೆ. ಚಾಪವನ್ನು ತ್ರಿಜ್ಯೆಯಿಂದ ಭಾಗಿಸಿ ಈಗಿನ ಸಂಕೇತದಲ್ಲಿ ಬರೆದರೆ,

2x/π ≤ sin x ≤ x  (0 ≤ x ≤ π/2)

ಎಂದಾಗುತ್ತದೆ. ೩೪೩೮ಕ್ಕೂ ೫೪೦೦ಕ್ಕೂ ಇರುವ ನಿಷ್ಪತ್ತಿಯು ೦.೬೩೬೭, 2/π ಎಂಬುದು ೦.೬೩೬೬. ಫ್ರಾನ್ಸಿನ ಗಣಿತಜ್ಞ ಕಮೀಲ್ ಜೋರ್ಡನ್ (೧೮೩೮–೧೯೨೨) ಎಂಬವರ ಹೆಸರಿನಿಂದ ಇದು ಇಂದು ಪ್ರಸಿದ್ಧವಾಗಿದೆ. ಆರ್ಯಭಟನು ಈ ಅಸಮತೆಯನ್ನು ಹೇಳಿದನೆಂದು ನಾನು ಸಾಧಿಸಹೊರಟಿಲ್ಲ; ಕೋಷ್ಟಕವು ಉಪಪತ್ತಿಯಲ್ಲ. ನಿಜವಾದ ಕಾರಣವೆಂದರೆ, ಜ್ಯೆಯ ವೃದ್ಧಿಯು ಕೋಟಿಜ್ಯೆಯನ್ನು ಅನುಸರಿಸುತ್ತದೆ. ಕೋಟಿಜ್ಯೆಯಾದರೋ ಪ್ರಥಮ ಪಾದದ ಉದ್ದಕ್ಕೂ ಕ್ಷೀಣಿಸುತ್ತದೆ. ಹೀಗಾಗಿ ಚಾಪವನ್ನು ಎಷ್ಟು ಸೂಕ್ಷ್ಮವಾಗಿ ಭಾಗಿಸಿದರೂ ಮೇಲಣ ಯುಕ್ತಿಯು ನಿಲ್ಲುತ್ತದೆ.

ಇನ್ನು ಇದರ ಪ್ರಯೋಜನ. ವಕ್ರರೇಖೆಯ ಕೆಳಗಣ ಕ್ಷೇತ್ರಫಲವನ್ನು ಅನುಕಲವೆನ್ನುತ್ತಾರೆ. e^(−a sin θ) ಎಂಬುದರ ಅನುಕಲವು ೦ಯಿಂದ π/2 ವರೆಗೆ ಎಷ್ಟೆಂಬುದು ಪ್ರಶ್ನೆ. A ಎಂಬುದು ಬೆಳೆಯುತ್ತ ಹೋಗುವ ಸಂಖ್ಯೆ. ಪರಿಚಿತ ಫಲನಗಳಿಂದ ಇದಕ್ಕೆ ಮುಚ್ಚಿದ ಉತ್ತರವು ದೊರೆಯದು. ಜ್ಯೆಯು ಋಣವಲ್ಲವೆಂಬಷ್ಟನ್ನೇ ಹಿಡಿದರೆ ಕ್ಷೇತ್ರಫಲವು π/2ನ್ನು ಮೀರದೆಂದು ಮಾತ್ರ ತಿಳಿಯುತ್ತದೆ. A ಎಷ್ಟು ಬೆಳೆದರೂ ಆ ಮಿತಿಯು ಕುಗ್ಗದು. ಇಂಥ ಅನುಕಲವು ಹುಟ್ಟುವುದು a ತ್ರಿಜ್ಯೆಯುಳ್ಳ ಅರ್ಧವೃತ್ತದ ಮೇಲೆ ಸಂಕಲನ ಮಾಡುವಾಗ. ಅಲ್ಲಿ ವೃತ್ತದ ಉದ್ದದಿಂದ a ಎಂಬ ಗುಣಕವೂ ಸೇರಿಕೊಂಡು, ಆ ಸುಲಭ ಮಿತಿಯು ಮೇರೆಯಿಲ್ಲದೆ ಬೆಳೆದುಬಿಡುತ್ತದೆ. ಜ್ಯೆಯ ಸ್ಥಾನದಲ್ಲಿ ಕೆಳಗಿನ ಸರಳರೇಖೆಯನ್ನಿಟ್ಟರೆ ಕಷ್ಟವು ಪರಿಹಾರವಾಗುತ್ತದೆ. e^(−2aθ/π) ಎಂಬುದರ ಅನುಕಲವು ಸುಲಭ, ಅದು

(π/2a)(1 − e^(−a))

ಎಂದರೆ π/2a ಗಿಂತ ಕಡಿಮೆ. ಇದನ್ನು aಯಿಂದ ಗುಣಿಸಿದರೂ π/2ಕ್ಕಿಂತ ಕೆಳಗೇ ಉಳಿಯುತ್ತದೆ. ಅರ್ಧವೃತ್ತದ ಮೇಲೆ ಜೊತೆಗಿರುವ ಇನ್ನೊಂದು ಗುಣಕವು ಶೂನ್ಯದತ್ತ ಸಾಗುವುದಾದರೆ, ಇಡೀ ಸಂಕಲನವೇ ಶೂನ್ಯಕ್ಕೆ ಸಲ್ಲುತ್ತದೆ.

ಘಾತದಲ್ಲಿ ಋಣಚಿಹ್ನೆ ಇರುವುದರಿಂದ ಎಲ್ಲೆಗಳು ಅದಲುಬದಲಾಗುವುದನ್ನು ವಾಚಕರು ಗಮನಿಸಬೇಕು: ಕೆಳಗಿನ ರೇಖೆಯು ಕ್ಷೇತ್ರಫಲಕ್ಕೆ ಮೇಲಿನ ಮಿತಿಯನ್ನೂ, ಮೇಲಿನ ರೇಖೆಯು ಕೆಳಗಿನ ಮಿತಿಯನ್ನೂ ಕೊಡುತ್ತದೆ. a ಎಂಬುದು ೧೦ ಆದಾಗ ಆ ಮಿತಿಗಳು ಸುಮಾರು ೦.೧೦೦ ಮತ್ತು ೦.೧೫೭. ನಿಜಮಾನವು ಸುಮಾರು ೦.೧೦೧. ಇದು ಕೆಳಗಿನ ಮಿತಿಗೆ ಅಂಟಿಕೊಂಡಂತಿರುವುದು ಆಕಸ್ಮಿಕವಲ್ಲ. ಕ್ಷೇತ್ರಫಲದ ಬಹುಭಾಗವು θ ಶೂನ್ಯದ ಹತ್ತಿರವಿರುವಾಗಲೇ ಒಟ್ಟುಗೂಡುತ್ತದೆ; ಅಲ್ಲಿ ಜ್ಯೆಗೂ ಚಾಪಕ್ಕೂ ಭೇದವು ಅತ್ಯಲ್ಪ, ಮೊದಲಿನ ಖಂಡಗಳಲ್ಲಿ ಕಂಡಂತೆಯೇ. ಬೆಲೆಯನ್ನು ನಿಖರವಾಗಿ ಅರಿಯಬೇಕಾದವನಿಗೆ ೦.೧೫೭ ಸಾಲದು, ಕುಗ್ಗುವುದೆಂದು ತೋರಿಸಬೇಕಾದವನಿಗೆ ಧಾರಾಳವಾಗಿ ಸಾಕು.

ಅಭ್ಯಾಸಿಗಳು ಎಡವುವ ಒಂದು ಸ್ಥಳವುಂಟು. ಅರ್ಧವೃತ್ತವು ೦ಯಿಂದ π ವರೆಗೆ ಹರಡಿದೆಯೆಂದು, ಅದೇ ಕೆಳಗಿನ ರೇಖೆಯನ್ನು ಎರಡನೆಯ ಪಾದಕ್ಕೂ ಎಳೆದುಬಿಡುತ್ತಾರೆ. ಆಗ a ೧೦ಕ್ಕೆ ಪೂರ್ಣ ಅನುಕಲದ ಮಿತಿಯು ಮತ್ತೆ ೦.೧೫೭ ಎಂದೇ ಬರುತ್ತದೆ. ನಿಜಮಾನವೋ ಪ್ರಥಮ ಪಾದದ ಇಮ್ಮಡಿ, ಸುಮಾರು ೦.೨೦೨, ಮಿತಿಯನ್ನು ಮೀರಿಯೇ ನಿಂತಿದೆ! ೧೩೫ ಅಂಶಗಳಲ್ಲಿ ಆ ರೇಖೆಯ ಎತ್ತರವು ೧.೫, ತ್ರಿಜ್ಯೆಯನ್ನು ಒಂದೆಂದು ಎಣಿಸಿದಾಗ ಜ್ಯೆಯು ಒಂದನ್ನು ದಾಟುವಂತೆಯೇ ಇಲ್ಲ. ಈ ಒಂದು ಬಿಂದುವನ್ನು ಪರೀಕ್ಷಿಸಿದರೂ ದೋಷವು ಬಯಲಾಗುತ್ತದೆ. ಎರಡನೆಯ ಪಾದದ ಜ್ಯೆಗಳು ಮೊದಲನೆಯದರವೇ ಹಿಂದುಮುಂದಾಗಿ ಬರುವುದರಿಂದ, ಮೊದಲು ಅನುಕಲವನ್ನು ಪ್ರಥಮ ಪಾದದ ಎರಡರಷ್ಟೆಂದು ಮಡಿಸಿಕೊಂಡು, ಆಮೇಲೆ ರೇಖೆಯನ್ನಿಡಬೇಕು. ಆಗ ಮಿತಿಯು π/a. A ೧೦ಕ್ಕೆ ೦.೩೧೪.