ಛಾಯಾಚಿತ್ರದಲ್ಲಿರುವ ನಕ್ಷೆಯನ್ನು ಓದುವ ಬಗೆ: ಪೇರಿಕೆಯ ಸ್ತಂಭಾಲೇಖ ಮತ್ತು ರೇಡಾರ್ ನಕ್ಷೆ

ತರಗತಿಯ ಕಲಿಕಾಮಟ್ಟವನ್ನು ತೋರಿಸುವ ನಕ್ಷೆಗಳು ಇಂದು ಶಿಕ್ಷಕರ ಕೈಗೆ ಬಹುಮಟ್ಟಿಗೆ ಮೊಬೈಲಿನಲ್ಲಿ ತೆಗೆದ ಛಾಯಾಚಿತ್ರಗಳಾಗಿಯೇ ಬರುತ್ತವೆ. ಮೂಲದ ಅಂಕಿಗಳ ಪಟ್ಟಿ ಜೊತೆಗಿರುವುದಿಲ್ಲ, ಚಿತ್ರ ಓರೆಯಾಗಿರುತ್ತದೆ, ಗಡಿನಾಡಿನ ಶಾಲೆಗಳಲ್ಲಿ ಸೂಚಿಯ ಬರಹ ರಾಜ್ಯಭಾಷೆಯಲ್ಲಿರುವುದೂ ಉಂಟು. ಇಂಥ ಚಿತ್ರದಿಂದ ಸಂಖ್ಯೆಗಳನ್ನು ಹೊರತೆಗೆಯುವಾಗ ಒದಗುವ ದೊಡ್ಡ ತಪ್ಪು ಒಂದೇ: ಯಾವ ಖಂಡವನ್ನು ಎಲ್ಲಿಂದ ಅಳೆಯಬೇಕೆಂಬುದನ್ನು ಮರೆಯುವುದು. ಒಂದು ಕಲ್ಪಿತ ತರಗತಿಯನ್ನು ಎದುರಿಗಿಟ್ಟುಕೊಂಡು ಇದನ್ನು ವಿಚಾರಿಸೋಣ.

ಏಳನೆಯ ತರಗತಿಯಲ್ಲಿ 40 ಮಕ್ಕಳಿದ್ದಾರೆ. ಕನ್ನಡ ಓದಿನಲ್ಲಿ ಅವರನ್ನು ಅಕ್ಷರ, ಪದ, ವಾಕ್ಯ, ಪಾಠ ಎಂಬ ನಾಲ್ಕು ಮಟ್ಟಗಳಲ್ಲಿ ಗುರುತಿಸಲಾಗಿದೆ. ಜೂನ್ ತಿಂಗಳಿಗೆ ಒಂದು, ಫೆಬ್ರವರಿಗೆ ಒಂದು, ಹೀಗೆ ಎರಡು ಸ್ತಂಭಗಳಿವೆ. ಪ್ರತಿ ಸ್ತಂಭದಲ್ಲಿಯೂ ನಾಲ್ಕು ಖಂಡಗಳು ಒಂದರ ಮೇಲೊಂದು ಕುಳಿತಿವೆ. ಜೂನ್ ಸ್ತಂಭದಲ್ಲಿ ಖಂಡಗಳ ಮೇಲಂಚುಗಳು ಕ್ರಮವಾಗಿ 6, 18, 32, 40ರ ಎತ್ತರದಲ್ಲಿವೆ. ಫೆಬ್ರವರಿಯಲ್ಲಿ 2, 10, 24, 40ರ ಎತ್ತರದಲ್ಲಿವೆ.

ಅವಸರದಲ್ಲಿ ನೋಡಿದವರು, ವಾಕ್ಯ ಓದುವವರು 32ರಿಂದ 24ಕ್ಕೆ ಇಳಿದರೆಂದು ಹೇಳಿಬಿಡುತ್ತಾರೆ. ಇದು ತಪ್ಪು. ಸೊನ್ನೆಯ ಪಾದರೇಖೆಯ ಮೇಲೆ ಕುಳಿತಿರುವುದು ಅಕ್ಷರದ ಖಂಡವೊಂದೇ. ಉಳಿದ ಪ್ರತಿಯೊಂದು ಖಂಡಕ್ಕೂ ಅದರ ಕೆಳಗಿನ ಖಂಡದ ಮೇಲಂಚೇ ನೆಲ. ಆದುದರಿಂದ ಮೇಲಂಚಿನಿಂದ ಕೆಳಂಚನ್ನು ಕಳೆಯಬೇಕು. ಜೂನ್‌ನಲ್ಲಿ 32ರಿಂದ 18 ಕಳೆದರೆ 14; ಫೆಬ್ರವರಿಯಲ್ಲಿ 24ರಿಂದ 10 ಕಳೆದರೆ ಮತ್ತೆ 14. ವಾಕ್ಯದ ಖಂಡ ಕೆಳಕ್ಕೆ ಜಾರಿದೆಯೇ ಹೊರತು ಕುಗ್ಗಿಲ್ಲ. ಅದರ ಕೆಳಗಿನ ಎರಡು ಖಂಡಗಳು ಕಿರಿದಾದುದರಿಂದ ಅದು ಜಾರಿತು. ಪಾಠ ಓದುವವರೋ 8ರಿಂದ 16ಕ್ಕೆ, ಅಂದರೆ ಇಮ್ಮಡಿಯಾಗಿದ್ದಾರೆ. ಒಂದೇ ಚಿತ್ರವನ್ನು ಒಬ್ಬರು ಹಿನ್ನಡೆಯೆಂದೂ ಇನ್ನೊಬ್ಬರು ಮುನ್ನಡೆಯೆಂದೂ ಓದುವುದು ಹೀಗೆ.

ಹಾಗೆಂದು 32 ಅರ್ಥವಿಲ್ಲದ ಸಂಖ್ಯೆಯಲ್ಲ. ಅದು ಬೇರೊಂದು ಪ್ರಶ್ನೆಗೆ ಉತ್ತರ. ‘ವಾಕ್ಯದ ಮಟ್ಟದಲ್ಲಿರುವವರು ಎಷ್ಟು?’ ಎಂದರೆ 14. ‘ಪಾಠದ ಮಟ್ಟವನ್ನು ಇನ್ನೂ ಮುಟ್ಟದವರು ಎಷ್ಟು?’ ಎಂದರೆ 32. ‘ಮಟ್ಟದಲ್ಲಿ’ ಮತ್ತು ‘ಮಟ್ಟದವರೆಗೆ’ ಎಂಬ ಎರಡು ರೂಪಗಳ ನಡುವಣ ಅಂತರವನ್ನು ಮಕ್ಕಳಿಂದ ವಾಕ್ಯ ಬರೆಸಿಯೇ ಸ್ಪಷ್ಟಪಡಿಸಬಹುದು. ಎರಡೂ ತಿಂಗಳಲ್ಲಿ 14 ಇರುವುದರಿಂದ ಅವರೇ ಈ 14 ಮಕ್ಕಳೆಂದು ತಿಳಿಯಲಾಗದೆಂಬುದನ್ನೂ ಇಲ್ಲಿಯೇ ಹೇಳಬೇಕು. ಕೆಲವರು ಮೇಲೇರಿರಬಹುದು, ಕೆಲವರು ಕೆಳಗಿನಿಂದ ಬಂದು ಸೇರಿರಬಹುದು. ಅದನ್ನು ಹಾಜರಿ ಪಟ್ಟಿಯ ಹೆಸರುಗಳು ಹೇಳಬೇಕು, ನಕ್ಷೆ ಹೇಳದು.

ಇನ್ನು ಛಾಯಾಚಿತ್ರದ ತೊಡಕು. ಚಿತ್ರ ತೆಗೆದವರು ಜೂನ್ ಸ್ತಂಭದ ಬದಿಗೆ ನಿಂತಿದ್ದರೆ ಆ ಸ್ತಂಭ ದೊಡ್ಡದಾಗಿಯೂ ದೂರದ ಫೆಬ್ರವರಿ ಸ್ತಂಭ ಚಿಕ್ಕದಾಗಿಯೂ ಕಾಣುತ್ತದೆ. ಮುದ್ರಿಸಿದ ಪ್ರತಿಯಲ್ಲಿ ಜೂನ್ ಸ್ತಂಭ 88 ಮಿ.ಮೀ., ಫೆಬ್ರವರಿ ಸ್ತಂಭ 80 ಮಿ.ಮೀ. ಇದೆಯೆನ್ನೋಣ. ಎರಡೂ ಸೂಚಿಸುವುದು 40 ಮಕ್ಕಳನ್ನೇ. ಜೂನ್‌ನಲ್ಲಿ ಒಂದು ಮಗುವಿಗೆ 2.2 ಮಿ.ಮೀ., ಫೆಬ್ರವರಿಯಲ್ಲಿ 2 ಮಿ.ಮೀ. ಫೆಬ್ರವರಿಯ ವಾಕ್ಯಖಂಡ 28 ಮಿ.ಮೀ. ಉದ್ದವಿರುತ್ತದೆ. ಅದನ್ನು ಜೂನ್‌ನ ಅಳತೆಯಿಂದ ಭಾಗಿಸಿದರೆ 13ಕ್ಕಿಂತ ತುಸು ಕಡಿಮೆ ಬರುತ್ತದೆ. ಒಂದು ಮಗು ಕಾಣೆಯಾಗುತ್ತದೆ. ಆದುದರಿಂದ ಪ್ರತಿ ಸ್ತಂಭಕ್ಕೂ ಅದರದೇ ಅಳತೆಯನ್ನು ಬಳಸಬೇಕು.

ಕಾಗದವನ್ನು ಮೇಜಿನ ಮೇಲಿಟ್ಟು ಬುಡದ ಕಡೆಯಿಂದ ಚಿತ್ರ ತೆಗೆದಿದ್ದರೆ ಇಷ್ಟೂ ಸಾಲದು. ಆಗ ಒಂದೇ ಸ್ತಂಭದ ಮೇಲ್ಭಾಗ ಬುಡಕ್ಕಿಂತ ಹೆಚ್ಚು ಕುಗ್ಗಿರುತ್ತದೆ. ಇಲ್ಲಿ ನೆರವಾಗುವುದು ನಕ್ಷೆಯೊಳಗಿನ ಅಡ್ಡಗೆರೆಗಳು, ಏಕೆಂದರೆ ಖಂಡ ಎಷ್ಟು ಕುಗ್ಗಿದೆಯೋ ಅದರ ಪಕ್ಕದ ಗೆರೆಗಳ ನಡುವಣ ಅಂತರವೂ ಅಷ್ಟೇ ಕುಗ್ಗಿರುತ್ತದೆ. ಖಂಡದ ಅಂಚು ಯಾವ ಎರಡು ಗೆರೆಗಳ ನಡುವೆ ಬಿದ್ದಿದೆಯೆಂದು ನೋಡಿ, ಆ ಅಂತರದಲ್ಲಿ ಅದು ಎಷ್ಟು ಪಾಲು ಮೇಲಿದೆಯೆಂದು ಅಂದಾಜು ಮಾಡಬೇಕು. 20 ಮತ್ತು 30ರ ಗೆರೆಗಳ ನಡುವೆ ಹತ್ತರಲ್ಲಿ ನಾಲ್ಕು ಪಾಲಿನಷ್ಟು ಮೇಲಿದ್ದರೆ ಅದು 24. ಅಡ್ಡಪಟ್ಟಿಯನ್ನು ಚಿತ್ರದ ಅಂಚಿಗೆ ಸಮಾನಾಂತರವಾಗಿ ಹಿಡಿಯಲೇಬಾರದು. ಗೆರೆ ಹೇಗೆ ಓರೆಯಾಗಿದೆಯೋ ಪಟ್ಟಿಯೂ ಹಾಗೆಯೇ ಓರೆಯಾಗಬೇಕು. ಪುಸ್ತಕದ ಮಡಿಕೆಯ ಬಳಿ ಗೆರೆಯೇ ಬಾಗಿದ್ದರೆ ಪಟ್ಟಿಯನ್ನು ಬಿಟ್ಟು ಗೆರೆಯನ್ನು ಬೆರಳಿನಿಂದ ಅನುಸರಿಸಬೇಕು.

ಓದಿದ್ದು ಸರಿಯೇ ಎಂದು ತಿಳಿಯಲು ನಾಲ್ಕೂ ಖಂಡಗಳನ್ನು ಕೂಡಿಸಿರಿ. ಮೊತ್ತ 40 ಆಗದಿದ್ದರೆ ಯಾವುದೋ ಅಂಚು ತಪ್ಪಿದೆ. ಮೊತ್ತ 40ಕ್ಕಿಂತ ಬಹಳ ಹೆಚ್ಚಿದ್ದರೆ ಮೇಲಂಚನ್ನೇ ಬೆಲೆಯೆಂದು ಹಿಡಿದಿರುವ ಸಂಭವವುಂಟು; 6, 18, 32, 40 ಕೂಡಿದರೆ 96 ಆಗುತ್ತದೆ. ಆದರೆ ಖಂಡಗಳ ಹೆಸರು ಅದಲುಬದಲಾದರೆ ಮೊತ್ತ ಅದನ್ನು ತೋರಿಸದು. ಜೆರಾಕ್ಸ್ ಪ್ರತಿಯಲ್ಲಿ ಬಣ್ಣಗಳು ಒಂದೇ ಬೂದಿಯಾದಾಗ ಹೀಗಾಗುತ್ತದೆ. ಖಂಡಗಳು ಕೆಳಗಿನಿಂದ ಮೇಲಕ್ಕೆ ಏರುತ್ತಿದ್ದರೆ ಸೂಚಿಯ ಹೆಸರುಗಳು ಹಲವು ಬಾರಿ ಮೇಲಿನಿಂದ ಕೆಳಕ್ಕೆ ಅದೇ ಕ್ರಮದಲ್ಲಿರುತ್ತವೆ. ಆದುದರಿಂದ ಸ್ಥಾನ ನೋಡಿ ಹೆಸರು ಕೊಡದೆ, ಬಣ್ಣದ ಮೂಲಚಿತ್ರವನ್ನೇ ನೋಡಿ ಕೊಡಬೇಕು.

ರೇಡಾರ್ ನಕ್ಷೆಯ ನಿಯಮ ಇದಕ್ಕೆ ತದ್ವಿರುದ್ಧ. ಕೇಂದ್ರದಿಂದ ಐದು ಅರಗಳು ಹೊರಟಿವೆ: ಆಲಿಸುವಿಕೆ, ಮಾತು, ಓದು, ಬರಹ, ಶಬ್ದಸಂಪತ್ತು. ಅಂಕ 10ಕ್ಕೆ, 2 ಅಂಕಗಳಿಗೊಂದರಂತೆ ಐದು ಸುತ್ತುಗಳು. ಜೂನ್‌ನ ಸರಾಸರಿ ಅಂಕಗಳು ಕ್ರಮವಾಗಿ 6, 5, 4, 3, 5. ಫೆಬ್ರವರಿಯವು 7, 7, 6, 5, 4. ಇಲ್ಲಿ ಫೆಬ್ರವರಿಯ ಆಕೃತಿ ಜೂನ್‌ನ ಆಕೃತಿಯ ಮೇಲೆ ಕುಳಿತಿಲ್ಲ; ಎರಡಕ್ಕೂ ಕೇಂದ್ರವೇ ನೆಲ. ಫೆಬ್ರವರಿಯ ಓದಿನ ಅಂಕವನ್ನು ಕೇಂದ್ರದಿಂದಲೇ ಎಣಿಸಬೇಕು: ಮೂರನೆಯ ಸುತ್ತು, ಅಂದರೆ 6. ಸ್ತಂಭಾಲೇಖದ ಅಭ್ಯಾಸದಿಂದ ಎರಡು ಗೆರೆಗಳ ನಡುವಣ ಪಟ್ಟಿಯನ್ನು ಅಳೆದು 2 ಎಂದು ಬರೆದರೆ ಅದು ಫೆಬ್ರವರಿಯ ಬೆಲೆಯಲ್ಲ, ಎರಡು ತಿಂಗಳ ವ್ಯತ್ಯಾಸ.

ಆಕೃತಿಗಳಿಗೆ ಬಣ್ಣ ತುಂಬಿದ್ದರೆ ಅವು ಒಂದರ ಮೇಲೊಂದು ಬಿದ್ದಲ್ಲಿ ಸೂಚಿಯಲ್ಲಿಲ್ಲದ ಮೂರನೆಯ ಬಣ್ಣ ಹುಟ್ಟುತ್ತದೆ. ಅದನ್ನು ಮೂರನೆಯ ಪರೀಕ್ಷೆಯೆಂದು ಭಾವಿಸಬಾರದು. ಶಬ್ದಸಂಪತ್ತಿನ ಅರದಲ್ಲಿ ಫೆಬ್ರವರಿಯ ತುದಿ ಜೂನ್‌ನ ಬಣ್ಣದೊಳಗೆ ಮರೆಯಾಗಿರಬಹುದು. ಇಳಿಕೆಯಾದ ಒಂದೇ ಕೌಶಲ ಕಣ್ತಪ್ಪುವುದು ಇಲ್ಲಿಯೇ. ಆದಕಾರಣ ಬಣ್ಣವನ್ನು ಬಿಟ್ಟು ಅಂಚಿನ ಗೆರೆಯನ್ನು ಅನುಸರಿಸಿ, ಅದು ಪ್ರತಿ ಅರವನ್ನು ಎಲ್ಲಿ ಮುಟ್ಟುತ್ತದೆಂಬುದನ್ನು ಮಾತ್ರ ಓದಬೇಕು. ಎರಡು ಅರಗಳ ನಡುವಿನ ಗೆರೆಗೆ ಬೆಲೆಯಿಲ್ಲ. ಓರೆಯಾದ ಚಿತ್ರದಲ್ಲಿ ಒಂದು ಅರ ಉದ್ದವಾಗಿ ಇನ್ನೊಂದು ಗಿಡ್ಡವಾಗಿ ಕಾಣುವುದರಿಂದ ಮಿಲಿಮೀಟರಿನಲ್ಲಿ ಅಳೆಯದೆ ಸುತ್ತುಗಳನ್ನೇ ಎಣಿಸಬೇಕು. ಕೇಂದ್ರ ಸೊನ್ನೆಯೇ ಎಂಬುದನ್ನು ಮೊದಲೇ ನೋಡಿಕೊಳ್ಳಬೇಕು. ಕೆಲವು ನಕ್ಷೆಗಳಲ್ಲಿ ಕೇಂದ್ರವೇ 2 ಅಥವಾ 3 ಆಗಿರುತ್ತದೆ.

ಆಕೃತಿಯ ವಿಸ್ತಾರವನ್ನು ನೋಡಿ ತೀರ್ಮಾನಿಸುವುದೂ ಸಲ್ಲದು. ಎಲ್ಲ ಅಂಕಗಳೂ 3ರಿಂದ 6ಕ್ಕೆ ಏರಿದರೆ ಬೆಲೆ ಇಮ್ಮಡಿಯಾಗುತ್ತದೆ, ಆದರೆ ವಿಸ್ತಾರ ನಾಲ್ಕು ಪಟ್ಟಾಗುತ್ತದೆ. ಅರಗಳ ಕ್ರಮ ಬದಲಾದರೆ ಅದೇ ಅಂಕಗಳು ಬೇರೊಂದು ವಿಸ್ತಾರವನ್ನು ಕೊಡಬಹುದು.

ಆದುದರಿಂದ ನಕ್ಷೆ ಕೈಗೆ ಬಂದೊಡನೆ ಕೇಳಬೇಕಾದ ಮೊದಲ ಪ್ರಶ್ನೆ, ಈ ಖಂಡದ ನೆಲ ಯಾವುದು ಎಂಬುದು. ಪೇರಿಕೆಯಲ್ಲಿ ಅದು ಕೆಳಗಿನ ಖಂಡದ ಅಂಚು, ಅಲ್ಲಿ ಕಳೆಯಬೇಕು. ರೇಡಾರಿನಲ್ಲಿ ಅದು ಕೇಂದ್ರ, ಅಲ್ಲಿ ಕಳೆಯಬಾರದು.